ಮುಟ್ಟದಿದ್ದರೂ ಓಡುವ ಪರದೆ, ಮುಟ್ಟಿದರೂ ಕದಲದ ಪರದೆ

ಮೇಜಿನ ಮೇಲಿಟ್ಟ ಫೋನು ಯಾರೂ ಮುಟ್ಟದಿದ್ದರೂ ಆ್ಯಪ್ ತೆರೆಯುತ್ತದೆ, ಯಾರಿಗೋ ಕರೆ ಮಾಡುತ್ತದೆ, ತಪ್ಪು ಪಾಸ್‌ವರ್ಡ್ ಮತ್ತೆ ಮತ್ತೆ ಒತ್ತಿಕೊಂಡು ತನ್ನನ್ನೇ ಲಾಕ್ ಮಾಡಿಕೊಳ್ಳುತ್ತದೆ. ಇದನ್ನು ಘೋಸ್ಟ್ ಟಚ್ ಎನ್ನುತ್ತಾರೆ. ಇನ್ನೊಂದು ತೊಂದರೆ ಇದಕ್ಕೆ ತದ್ವಿರುದ್ಧ: ಎಷ್ಟು ಒತ್ತಿದರೂ ಪರದೆ ಕದಲುವುದಿಲ್ಲ. ಎರಡಕ್ಕೂ ಅಂಗಡಿಯಲ್ಲಿ ಸಿಗುವ ಉತ್ತರ ಹೆಚ್ಚಾಗಿ ಒಂದೇ: ‘ಡಿಸ್‌ಪ್ಲೇ ಹೋಗಿದೆ, ಕಾಂಬೋ ಹಾಕಬೇಕು.’ ಅದು ನಿಜವೂ ಇರಬಹುದು. ಆದರೆ ದುಡ್ಡು ಕೊಡುವ ಮೊದಲು ಅದನ್ನು ಮನೆಯಲ್ಲೇ ಪರೀಕ್ಷಿಸಲು ದಾರಿಯಿದೆ. ತೊಂದರೆ ಗಾಜಿನ ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ ಕಾಣುತ್ತದೆ ಎಂಬುದೇ ಕಾರಣವನ್ನು ಹೇಳಿಬಿಡುತ್ತದೆ.

ಈಗಿನ ಫೋನುಗಳ ಪರದೆ ಬೆರಳಿನ ಒತ್ತಡವನ್ನು ಅಳೆಯುವುದಿಲ್ಲ. ಗಾಜಿನ ಕೆಳಗೆ ಕಣ್ಣಿಗೆ ಕಾಣದ ವಾಹಕ ಗೆರೆಗಳು ಉದ್ದಕ್ಕೂ ಅಡ್ಡಕ್ಕೂ ಹಾದುಹೋಗಿರುತ್ತವೆ. ಈ ಪದರಕ್ಕೆ ಡಿಜಿಟೈಜರ್ ಎಂದು ಹೆಸರು. ಗೆರೆಗಳು ಕೂಡುವಲ್ಲೆಲ್ಲ ಒಂದು ಸಣ್ಣ ವಿದ್ಯುತ್ ಕ್ಷೇತ್ರ ಇರುತ್ತದೆ. ಬೆರಳು ಹತ್ತಿರ ಬಂದಾಗ ಅದರಲ್ಲಿ ಸ್ವಲ್ಪ ಭಾಗವನ್ನು ನಮ್ಮ ಮೈ ಸೆಳೆದುಕೊಳ್ಳುತ್ತದೆ. ಟಚ್ ಚಿಪ್ ಸೆಕೆಂಡಿಗೆ ಹತ್ತಾರು ಬಾರಿ ಇಡೀ ಜಾಲವನ್ನು ಓದಿ, ಎಲ್ಲಿ ವ್ಯತ್ಯಾಸವಾಗಿದೆ ಎಂದು ನೋಡುತ್ತದೆ. ಪಾತ್ರೆಯ ತೂಕ ಕಳೆದು ಸೊನ್ನೆಗೆ ತಂದುಕೊಂಡ ತಕ್ಕಡಿಯ ಹಾಗೆ, ಯಾರೂ ಮುಟ್ಟದಿದ್ದಾಗಿನ ಅಳತೆಯನ್ನೇ ಅದು ಸೊನ್ನೆ ಎಂದು ಇಟ್ಟುಕೊಂಡಿರುತ್ತದೆ. ಆ ಸೊನ್ನೆ ತಪ್ಪಿದರೆ ಇಲ್ಲದ ಬೆರಳು ಕಾಣುತ್ತದೆ. ವ್ಯತ್ಯಾಸ ತೀರಾ ಕಡಿಮೆಯಾದರೆ ಇರುವ ಬೆರಳೂ ಕಾಣುವುದಿಲ್ಲ.

ಸ್ಕ್ರೀನ್ ಗಾರ್ಡ್ ತೊಂದರೆ ಮಾಡುವುದು ಹೀಗೆಯೇ. ಬೆರಳಿಗೂ ಜಾಲಕ್ಕೂ ನಡುವಿನ ದೂರ ಹೆಚ್ಚಿದಷ್ಟೂ ವ್ಯತ್ಯಾಸ ಕುಗ್ಗುತ್ತದೆ. ಸಾಮಾನ್ಯ ಟೆಂಪರ್ಡ್ ಗ್ಲಾಸಿನ ದಪ್ಪ ಸುಮಾರು 0.33 ಮಿಲಿಮೀಟರ್; ಚೆನ್ನಾಗಿ ಅಂಟಿದ್ದರೆ ಫೋನು ಅದನ್ನು ಸಹಿಸಿಕೊಳ್ಳುತ್ತದೆ. ಹೆಚ್ಚು ಕೆಡುಕು ಮಾಡುವುದು ನಡುವೆ ಉಳಿದ ಗಾಳಿ. ಅಂಚಿಗೆ ಮಾತ್ರ ಅಂಟು ಇರುವ ಗಾಜಿನಲ್ಲಿ ಮಧ್ಯಭಾಗ ತೇಲುತ್ತಿರುತ್ತದೆ. ಅಲ್ಲಿ ಬೆರಳು ಮೆಲ್ಲಗೆ ತಾಕಿದರೆ ಕೆಲಸವಾಗುವುದಿಲ್ಲ, ಅದುಮಿದರೆ ಆಗುತ್ತದೆ. ಅದುಮಿದಾಗ ಮಾತ್ರ ಕೆಲಸ ಮಾಡಿದರೆ ಮೊದಲು ಗಾರ್ಡನ್ನೇ ಅನುಮಾನಿಸಬೇಕು. ಕೆಲವು ಫೋನುಗಳ ಸೆಟ್ಟಿಂಗ್ಸ್‌ನಲ್ಲಿರುವ ‘Touch sensitivity’ ದಪ್ಪ ಗಾಜಿಗೆ ನೆರವಾಗುತ್ತದೆ. ಆದರೆ ಗಾರ್ಡ್ ತೆಗೆದ ಮೇಲೂ ಅದನ್ನು ಆನ್ ಇಟ್ಟರೆ ಸಣ್ಣ ಹನಿಯೂ ಬೆರಳಿನಂತೆ ಕಾಣಬಹುದು.

ನೀರು ಎರಡು ಬಗೆಯಲ್ಲಿ ಕಾಡುತ್ತದೆ. ಹೊರಗಿನ ಹನಿ, ಬೆವರು ವಿದ್ಯುತ್ ಕ್ಷೇತ್ರವನ್ನು ಕದಡುತ್ತವೆ, ಒರೆಸಿದೊಡನೆ ಎಲ್ಲ ಸರಿಹೋಗುತ್ತದೆ. ಗಾರ್ಡಿನ ಅಂಚಿನಿಂದ ಒಳಹೊಕ್ಕ ತೇವ ಮಾತ್ರ ಒರೆಸಿದರೆ ಹೋಗುವುದಿಲ್ಲ. ಫೋನಿನ ಒಳಗೇ ನೀರು ಇಳಿದರೆ ಕನೆಕ್ಟರಿನ ಲೋಹಕ್ಕೆ ಕಿಲುಬು ಹಿಡಿಯುತ್ತದೆ. ಆಗ ಫೋನು ಒಣಗಿ ಕೆಲವು ದಿನ ಚೆನ್ನಾಗಿದ್ದು ಆಮೇಲೆ ತೊಂದರೆ ಶುರುವಾಗುವುದುಂಟು.

ಡಿಜಿಟೈಜರ್ ಕೆಟ್ಟಿದ್ದರ ಗುರುತು ಬೇರೆ. ಗೆರೆಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವುದರಿಂದ, ಒಂದು ಗೆರೆ ತುಂಡಾದರೆ ಇಡೀ ಒಂದು ಪಟ್ಟಿ ಸಾಯುತ್ತದೆ. ಫೋನು ಬಿದ್ದ ಮೇಲೆ, ಗಾಜಿನಲ್ಲಿ ಬಿರುಕು ಕಾಣದಿದ್ದರೂ ಹೀಗಾಗಬಹುದು. ಫ್ಲೆಕ್ಸ್ ಕೇಬಲ್ ಸಡಿಲವಾದರೆ ತೊಂದರೆ ಬಂದು ಹೋಗುತ್ತಿರುತ್ತದೆ. ಕೆಲವೊಮ್ಮೆ ಪರದೆಯಲ್ಲಿ ದೋಷವೇ ಇರುವುದಿಲ್ಲ: ಐಫೋನ್ 6 ಪ್ಲಸ್‌ನಲ್ಲಿ ಫೋನು ಬಾಗಿ ಬೋರ್ಡಿನ ಮೇಲಿನ ಟಚ್ ಚಿಪ್ಪಿನ ಬೆಸುಗೆ ಬಿಡುತ್ತಿತ್ತು, ಹೊಸ ಪರದೆ ಹಾಕಿದರೂ ಕಾಯಿಲೆ ಮರಳುತ್ತಿತ್ತು. 2016ರಲ್ಲಿ ಆ್ಯಪಲ್ ಅದಕ್ಕೆಂದೇ ರಿಪೇರಿ ಯೋಜನೆ ತಂದಿತು. ಒಂದು ಅಪಾಯವನ್ನೂ ಇಲ್ಲೇ ಹೇಳಬೇಕು. ಉಬ್ಬಿದ ಬ್ಯಾಟರಿ ಒಳಗಿನಿಂದ ಪರದೆಯನ್ನು ಒತ್ತಿದರೂ ಘೋಸ್ಟ್ ಟಚ್ ಬರುತ್ತದೆ. ಪರದೆಯ ಅಂಚು ಮೇಲೆದ್ದಿದ್ದರೆ ಚಾರ್ಜ್ ಮಾಡದೆ, ಒತ್ತದೆ, ಆಫ್ ಮಾಡಿ ರಿಪೇರಿಗೆ ಕೊಡಬೇಕು.

ಸಾಫ್ಟ್‌ವೇರಿನಿಂದ ಪರದೆ ನಿಂತುಹೋಗುವುದೂ ಉಂಟು. 2018ರಲ್ಲಿ ಐಒಎಸ್ 11.3 ಅಪ್‌ಡೇಟ್ ಹಾಕಿಕೊಂಡ ಮೇಲೆ, ಹೊರಗೆ ಪರದೆ ಬದಲಿಸಿದ್ದ ಕೆಲವು ಐಫೋನ್ 8ಗಳಲ್ಲಿ ಟಚ್ ನಿಂತಿತು, 11.3.1 ಬಂದಾಗ ಅದೇ ಪರದೆ ಮತ್ತೆ ಕೆಲಸ ಮಾಡಿತು. ಎಲ್ಲ ಪರದೆಗಳ ಮೇಲೂ ತೇಲುವ ಆ್ಯಪ್ ಕೂಡ ಬೆರಳನ್ನು ತಡೆಯಬಹುದು. ಸೇಫ್ ಮೋಡ್‌ನಲ್ಲಿ ನಾವು ಹಾಕಿಕೊಂಡ ಆ್ಯಪ್‌ಗಳು ಓಡುವುದಿಲ್ಲ. ಅಲ್ಲಿ ತೊಂದರೆ ಇಲ್ಲವಾದರೆ ಯಾವುದೋ ಆ್ಯಪ್ ಕಾರಣ.

ತೀರ್ಥಹಳ್ಳಿಯಲ್ಲಿರುವ ಚಿಕ್ಕಮ್ಮನ ಆಂಡ್ರಾಯ್ಡ್ ಫೋನು ಮಳೆಗಾಲದಲ್ಲಿ ಕೆಟ್ಟಾಗ ಇದೆಲ್ಲ ಒಂದೇ ಕಡೆ ಸೇರಿತ್ತು. ಫೋನು ತಾನಾಗಿ ಆ್ಯಪ್ ತೆರೆಯುತ್ತಿತ್ತು; ಕೀಬೋರ್ಡಿನ ಒಂದು ಸಾಲು ಏನು ಮಾಡಿದರೂ ಒತ್ತಿಕೊಳ್ಳುತ್ತಿರಲಿಲ್ಲ. ‘ಅಂಗಡಿಯವ ಕಾಂಬೋ ಹಾಕಬೇಕು ಅಂದ. ಹೌದಾ ಅಂತ ಒಂಚೂರು ನೋಡಾ ಮಾರಾಯ’ ಎಂದು ಫೋನು ಕೈಗಿತ್ತರು.

ಮೊದಲು ಚಾರ್ಜರ್ ತೆಗೆದೆ. ಅಗ್ಗದ ಚಾರ್ಜರಿನ ವಿದ್ಯುತ್ ಗದ್ದಲವೂ ಟಚ್ ಚಿಪ್ಪನ್ನು ದಿಕ್ಕು ತಪ್ಪಿಸುತ್ತದೆ. ತೊಂದರೆ ಹಾಗೇ ಉಳಿಯಿತು. ಪರದೆ ಒರೆಸಿದರೂ ಅಷ್ಟೇ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ‘Build number’ ಮೇಲೆ ಏಳು ಬಾರಿ ಒತ್ತಿ, ತೆರೆದುಕೊಂಡ ‘Developer options’ ಒಳಗೆ ‘Pointer location’ ಆನ್ ಮಾಡಿದೆ. ಬೆರಳು ಹೋದ ದಾರಿಯನ್ನು ಅದು ಗೆರೆಯಾಗಿ ತೋರಿಸುತ್ತದೆ. ಫೋನನ್ನು ಮುಟ್ಟದೆ ಇಟ್ಟಾಗ ಬಲ ಅಂಚಿನಲ್ಲಿ ಚುಕ್ಕೆ, ಗೆರೆ ತಾವಾಗಿ ಮೂಡಿದವು. ಟೆಂಪರ್ಡ್ ಗ್ಲಾಸಿನ ಅದೇ ಅಂಚು ಎದ್ದು ಒಳಗೆ ತೇವದ ಮಬ್ಬು ಕಾಣುತ್ತಿತ್ತು. ಗ್ಲಾಸ್ ಕಿತ್ತು ಒಣಬಟ್ಟೆಯಲ್ಲಿ ಒರೆಸಿದೆ. ಚುಕ್ಕೆಗಳು ನಿಂತವು.

ಕೀಬೋರ್ಡಿನ ಸಾಲು ಮಾತ್ರ ಸತ್ತೇ ಇತ್ತು. ಬೆರಳನ್ನು ನಿಧಾನವಾಗಿ ಮೇಲಿಂದ ಕೆಳಕ್ಕೆ ಎಳೆದರೆ ಪ್ರತಿಸಲವೂ ಗೆರೆ ಅದೇ ಎತ್ತರದಲ್ಲಿ ತುಂಡಾಗುತ್ತಿತ್ತು. ಆಗ ಫೋನನ್ನು ಅಡ್ಡ ತಿರುಗಿಸಿದೆ. ಚಿತ್ರ ತಿರುಗಿತು, ಕೀಬೋರ್ಡ್ ಜಾಗ ಬದಲಿಸಿತು, ಸತ್ತ ಪಟ್ಟಿ ಗಾಜಿನ ಅದೇ ಜಾಗದಲ್ಲಿ ಉಳಿಯಿತು. ತೊಂದರೆ ಆ್ಯಪ್‌ನದಾಗಿದ್ದರೆ ಅದು ಚಿತ್ರದ ಜೊತೆಗೇ ತಿರುಗಬೇಕಿತ್ತು. ಸೇಫ್ ಮೋಡ್‌ನಲ್ಲೂ ಪಟ್ಟಿ ಹಾಗೇ ಇತ್ತು. ಡಿಜಿಟೈಜರ್ ಹೋಗಿದೆ ಎನ್ನಲು ಇಷ್ಟು ಸಾಕು. ಅಂಗಡಿಯವರು ಹೇಳಿದ್ದು ಸರಿಯಿತ್ತು. ಘೋಸ್ಟ್ ಟಚ್ ಮಾತ್ರ ಬೇರೆಯದೇ ಕಾಯಿಲೆಯಾಗಿತ್ತು, ಅದಕ್ಕೆ ಖರ್ಚೇ ಆಗಲಿಲ್ಲ.

ಪರದೆ ಪೂರ್ತಿ ಸತ್ತಾಗ ಈ ಪರೀಕ್ಷೆ ನಡೆಯುವುದಿಲ್ಲ. ಆಗ ಓಟಿಜಿ ಕನೆಕ್ಟರಿನಿಂದ ಯುಎಸ್‌ಬಿ ಮೌಸ್ ಜೋಡಿಸಬೇಕು. ಬೆರಳಿಗೆ ಬಗ್ಗದ ಫೋನು ಮೌಸ್ ಮಾತು ಕೇಳಿದರೆ ಫೋನು ಹ್ಯಾಂಗ್ ಆಗಿಲ್ಲ, ಟಚ್ ಮಾತ್ರ ಹೋಗಿದೆ ಎಂದರ್ಥ. ಅದೇ ಮೌಸ್‌ನಿಂದ ಫೋಟೊ, ಸಂಪರ್ಕ ಸಂಖ್ಯೆಗಳನ್ನು ಬ್ಯಾಕಪ್ ಮಾಡಿಕೊಳ್ಳಬಹುದು. ಮೌಸ್‌ಗೂ ಜಗ್ಗದಿದ್ದರೆ ಪವರ್ ಬಟನ್ ಹತ್ತು ಸೆಕೆಂಡಿಗೂ ಹೆಚ್ಚು ಒತ್ತಿ ಹಿಡಿದು ರೀಸ್ಟಾರ್ಟ್ ಮಾಡಿ ನೋಡಬೇಕು. ಕೆಲವು ಫೋನುಗಳಲ್ಲಿ ವಾಲ್ಯೂಮ್ ತಗ್ಗಿಸುವ ಬಟನ್ನನ್ನೂ ಜೊತೆಗೆ ಒತ್ತಬೇಕಾಗುತ್ತದೆ.

ಕಾಂಬೋ ಹಾಕಿಸಲೇಬೇಕಾದರೆ ಒಂದು ಮಾತು ಕೇಳಿಕೊಳ್ಳಿ: ಅಂಟು ಹಾಕುವ ಮೊದಲು ಹೊಸದನ್ನು ಕನೆಕ್ಟರಿಗೆ ಸಿಕ್ಕಿಸಿ ‘Pointer location’ ಆನ್ ಮಾಡಿ ತೋರಿಸಲಿ. ಮೂಲೆಯಿಂದ ಮೂಲೆಗೆ, ಅಂಚುಗಳ ಉದ್ದಕ್ಕೆ ಬೆರಳೆಳೆಯಿರಿ. ಗೆರೆ ಎಲ್ಲೂ ತುಂಡಾಗದೆ ಹರಿದರೆ ಅಂಟಿಸಬಹುದು. ಹಳೆಯ ಜಾಗದಲ್ಲೇ ಮತ್ತೆ ತುಂಡಾದರೆ ದೋಷ ಪರದೆಯಲ್ಲಿಲ್ಲ, ಕನೆಕ್ಟರಿನಲ್ಲೋ ಬೋರ್ಡಿನಲ್ಲೋ ಇದೆ. ಆ ಕಾಂಬೋಗೆ ದುಡ್ಡು ಕೊಡಬೇಕಾಗಿಲ್ಲ.