ಹಲಗೆಯಿಂದ ಇಳಿದ ‘ಬ್ಯಾಂಕ್’

ದಕ್ಷಿಣ ಕನ್ನಡದ ಅಡಿಕೆ ಸೀಮೆಯಲ್ಲಿ ‘ಸಿ.ಎ. ಬ್ಯಾಂಕಿಗೆ ಹೋಗಿ ಬರುತ್ತೇನೆ’ ಎಂದು ಹೊರಟವರನ್ನು ಯಾವ ಬ್ಯಾಂಕು ಎಂದು ಯಾರೂ ಕೇಳುವುದಿಲ್ಲ. ಬೆಳೆಸಾಲ ಅಲ್ಲಿ, ಗೊಬ್ಬರ ಅಲ್ಲಿ, ಕೊಳೆರೋಗಕ್ಕೆ ಬೇಕಾದ ಮೈಲುತುತ್ತು ಅಲ್ಲಿ, ಪಡಿತರದ ಅಕ್ಕಿಯೂ ಅಲ್ಲೇ. ಚಿನ್ನ ಅಡವಿಡುವವರೂ ಅಡಿಕೆ ಮಾರಿದ ದುಡ್ಡನ್ನು ಠೇವಣಿ ಇಡುವವರೂ ಒಂದೇ ಕೌಂಟರಿನ ಮುಂದೆ ನಿಲ್ಲುತ್ತಾರೆ. ಇಂಥ ಕಟ್ಟಡಗಳ ಹಲಗೆಯ ಮೇಲೆ ‘ಸೇವಾ ಸಹಕಾರಿ ಬ್ಯಾಂಕ್ ನಿಯಮಿತ’ ಎಂದು ಬರೆದಿರುತ್ತಿತ್ತು. ಈಚಿನ ವರ್ಷಗಳಲ್ಲಿ ಆ ಹಲಗೆಗಳು ಒಂದೊಂದಾಗಿ ಇಳಿದು ‘ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ನಿಯಮಿತ’ ಎಂಬ ಉದ್ದದ ಹೆಸರು ಮೇಲೇರಿದೆ.

ಹೆಸರು ಸಂಘದ ಬೈಲಾದ ಭಾಗ. ಅದನ್ನು ಆಡಳಿತ ಮಂಡಳಿ ತನ್ನಷ್ಟಕ್ಕೆ ಬದಲಾಯಿಸುವಂತಿಲ್ಲ, ಮಹಾಸಭೆಗೆ ತರಲೇಬೇಕು. ಹಾಗಾಗಿ ಹಲಗೆ ಬದಲಾದ ಪ್ರತಿ ಊರಿನಲ್ಲೂ ಅಧ್ಯಕ್ಷರೊಬ್ಬರು ಮೈಕಿನ ಮುಂದೆ ನಿಂತು ಕಾರಣ ಹೇಳಬೇಕಾಯಿತು. ಪುತ್ತೂರು ಕಡೆಯ ಒಂದು ಸಂಘದಲ್ಲಿ ಆ ಭಾಷಣ ಎರಡು ಸಲ ಬರೆಯಲ್ಪಟ್ಟಿತು. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಯಾಕೆ ಓದಿದರು ಎಂಬುದನ್ನು ತಿಳಿದರೆ ಈ ಹೆಸರು ಬದಲಾವಣೆಯ ಒಳಸುಳಿ ಅರ್ಥವಾಗುತ್ತದೆ.

ಆ ಜಿಲ್ಲೆಯಲ್ಲಿ ‘ಬ್ಯಾಂಕ್’ ಎಂಬ ಪದಕ್ಕೆ ತೂಕ ಹೆಚ್ಚು. 1914ರಲ್ಲಿ ಜಿಲ್ಲೆಯ ಕೇಂದ್ರ ಸಹಕಾರಿ ಬ್ಯಾಂಕು ಹುಟ್ಟಿದ್ದೇ ಪುತ್ತೂರಿನಲ್ಲಿ. ಅಲ್ಲಿನ ವಕೀಲ ಮೊಳಹಳ್ಳಿ ಶಿವರಾಯರು ಹಳ್ಳಿಹಳ್ಳಿಯಲ್ಲಿ ಸಹಕಾರಿ ಸಂಘಗಳನ್ನು ಕಟ್ಟಿಸಿದವರು. ಆ ಸಂಘಗಳು ಬೆಳೆದು, ಸ್ವಂತ ಕಟ್ಟಡ, ತಿಜೋರಿ, ಶಾಖೆ ಎಲ್ಲ ಆದ ಮೇಲೆ ಸದಸ್ಯರೇ ಹೆಮ್ಮೆಯಿಂದ ‘ಬ್ಯಾಂಕ್’ ಸೇರಿಸಿಕೊಂಡರು. ಅದಕ್ಕೆ ಕಾನೂನಿನ ಅಡ್ಡಿಯೂ ಇರಲಿಲ್ಲ. 1966ರ ಮಾರ್ಚ್ 1ರಿಂದ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ ಸಹಕಾರ ಕ್ಷೇತ್ರಕ್ಕೂ ಅನ್ವಯವಾಯಿತು. ಆದರೆ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಆ ಕಾಯ್ದೆ ಪೂರ್ತಿಯಾಗಿ ಹೊರಗಿಟ್ಟಿತ್ತು. ಕಾಯ್ದೆಯೇ ಅನ್ವಯಿಸದ ಸಂಘ ಏನು ಹೆಸರಿಟ್ಟುಕೊಂಡರೂ ರಿಸರ್ವ್ ಬ್ಯಾಂಕು ಕೇಳುವಂತಿರಲಿಲ್ಲ.

2020ರ ಸೆಪ್ಟೆಂಬರಿನಲ್ಲಿ ಸಂಸತ್ತು ಈ ಕಾಯ್ದೆಗೆ ತಿದ್ದುಪಡಿ ತಂದಿತು. ವಿನಾಯಿತಿ ಉಳಿಯಿತು, ಆದರೆ ಅದಕ್ಕೆ ಎರಡು ಷರತ್ತು ಅಂಟಿಕೊಂಡಿತು. ಸಂಘ ತನ್ನ ಹೆಸರಿನಲ್ಲಾಗಲಿ ವ್ಯವಹಾರದಲ್ಲಾಗಲಿ ‘ಬ್ಯಾಂಕ್’, ‘ಬ್ಯಾಂಕರ್’, ‘ಬ್ಯಾಂಕಿಂಗ್’ ಎಂಬ ಪದ ಬಳಸಬಾರದು. ತನ್ನ ಮೇಲೆ ಬರೆದ ಚೆಕ್ಕಿಗೆ ಹಣ ಕೊಡುವ ಸಂಸ್ಥೆಯಾಗಿಯೂ ಇರಬಾರದು. ಈ ಎರಡನ್ನು ಪಾಲಿಸಿದರೆ ಮೊದಲಿನಂತೆ ಕಾಯ್ದೆಯ ಹೊರಗೆ. ಪಾಲಿಸದಿದ್ದರೆ ಕಾಯ್ದೆಯ ಒಳಗೆ, ಅಂದರೆ ಪರವಾನಗಿ ಇಲ್ಲದೆ ಬ್ಯಾಂಕೆಂದು ಕರೆದುಕೊಂಡ ಸಂಸ್ಥೆಯಾಗಿ. 2021ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ಸಾರ್ವಜನಿಕರಿಗೇ ನೇರವಾಗಿ ಎಚ್ಚರಿಕೆ ಕೊಟ್ಟಿತು: ಕೆಲವು ಸಹಕಾರ ಸಂಘಗಳು ಅನುಮತಿಯಿಲ್ಲದೆ ಈ ಪದ ಬಳಸುತ್ತಿವೆ, ಅವುಗಳಲ್ಲಿಟ್ಟ ಠೇವಣಿಗೆ ವಿಮೆಯ ರಕ್ಷಣೆ ಇಲ್ಲ. ಕೇರಳ ಸರ್ಕಾರ ಇದನ್ನು ಬಹಿರಂಗವಾಗಿ ವಿರೋಧಿಸಿತು. ನಮ್ಮ ಕರಾವಳಿಯ ಎಷ್ಟೋ ಸಂಘಗಳು ಹೆಸರು ಬದಲಿಸುವ ದಾರಿ ಹಿಡಿದವು.

ಪುತ್ತೂರು ಕಡೆಯ ಆ ಸಂಘದ ಕಾರ್ಯನಿರ್ವಹಣಾಧಿಕಾರಿ ಬರೆದುಕೊಟ್ಟ ಮೊದಲ ಭಾಷಣದಲ್ಲಿ ಇದಿಷ್ಟೂ ಕಲಮುಗಳ ಸಂಖ್ಯೆ ಸಮೇತ ಇತ್ತು. ಬರೆದುದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದನ್ನು ಕೇಳಿದ ಸದಸ್ಯ ಮನೆಗೆ ಒಯ್ಯುವುದು ಒಂದೇ ಮಾತನ್ನು: ರಿಸರ್ವ್ ಬ್ಯಾಂಕು ನಮ್ಮ ಬ್ಯಾಂಕಿನ ಹೆಸರು ತೆಗೆಸಿತಂತೆ. ಮರುದಿನ ಕೌಂಟರಿನ ಮುಂದೆ ಠೇವಣಿ ವಾಪಸು ಕೇಳುವವರ ಸಾಲು ನಿಲ್ಲಲು ಅಷ್ಟು ಸಾಕು. ಸಂಘದ ದುಡ್ಡು ತಿಜೋರಿಯಲ್ಲಿ ಕೂತಿರುವುದಿಲ್ಲ. ಸಾಲವಾಗಿ ತೋಟಗಳಲ್ಲಿ, ಠೇವಣಿಯಾಗಿ ಜಿಲ್ಲಾ ಬ್ಯಾಂಕಿನಲ್ಲಿ ಇರುತ್ತದೆ. ಎಲ್ಲರೂ ಒಟ್ಟಿಗೆ ಬಂದರೆ ಒಳ್ಳೆಯ ಸಂಘವೂ ತತ್ತರಿಸುತ್ತದೆ. ಕಾಯ್ದೆಯನ್ನೇ ಮುಂದಿಟ್ಟುಕೊಂಡು ಮಾತಾಡಿದರೆ ಹೆದರಿಕೆ ಹರಡುತ್ತದೆ ಎಂದು ಅಧ್ಯಕ್ಷರಿಗೆ ಅನ್ನಿಸಿತು. ಅವರು ಭಾಷಣವನ್ನು ತಿರುವಿ ಹಾಕಿದರು: ಬದಲಾಗದೆ ಇರುವುದು ಮೊದಲು, ಬದಲಾಗುವುದು ನಂತರ, ಕಾರಣ ಕೊನೆಗೆ.

ಬದಲಾಗದೆ ಇರುವುದರ ಪಟ್ಟಿಗೆ ಕಾನೂನಿನ ಗಟ್ಟಿ ಆಧಾರವಿದೆ. ಹೆಸರು ಬದಲಾದ ಮಾತ್ರಕ್ಕೆ ಸಂಘದ ಹಕ್ಕಾಗಲಿ ಹೊಣೆಯಾಗಲಿ ಬದಲಾಗುವುದಿಲ್ಲ. ಹಳೆಯ ಹೆಸರಿನ ಠೇವಣಿ ಪತ್ರ ಅವಧಿ ಮುಗಿಯುವ ತನಕ ಹಾಗೆಯೇ ನಡೆಯುತ್ತದೆ, ಸಾಲಪತ್ರವೂ ಅಷ್ಟೇ. ಪಹಣಿಯ 11ನೇ ಕಾಲಮಿನಲ್ಲಿ ಹಳೆಯ ಹೆಸರಿನ ಋಣ ಇದೆ, ಸಾಲ ತೀರಿದ ಮೇಲೆ ಅದನ್ನು ತೆಗೆಸುವುದು ಹೇಗೆ ಎಂಬುದು ರೈತರ ನಿಜವಾದ ಚಿಂತೆ. ಸಂಘ ಹೊಸ ಹೆಸರಿನ ನೋಂದಣಿ ಆದೇಶದ ಪ್ರತಿಯ ಜೊತೆ ತೀರುವಳಿ ಪತ್ರ ಕೊಡುತ್ತದೆ ಎಂದು ಅಧ್ಯಕ್ಷರು ಬಿಡಿಸಿ ಹೇಳಿದರು. ಬಡ್ಡಿರಹಿತ ಬೆಳೆಸಾಲಕ್ಕೂ ಹೆಸರಿಗೂ ಸಂಬಂಧವಿಲ್ಲ. ಅದು ರಾಜ್ಯ ಸರ್ಕಾರದ ಯೋಜನೆ. ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ದು 2023ರ ಬಜೆಟ್, ಹಲಗೆಯ ಅಕ್ಷರವಲ್ಲ.

ಆಮೇಲೆ ಬಂದ ಮಾತು ಆ ಭಾಷಣದ ಜೀವಾಳ, ನನ್ನ ಲೆಕ್ಕದಲ್ಲಿ. ‘ನಮ್ಮಲ್ಲಿ ಇಟ್ಟ ಠೇವಣಿಗೆ ವಿಮೆ ಇಲ್ಲ. ಇವತ್ತಿನಿಂದ ಇಲ್ಲ ಅಂತಲ್ಲ, ಯಾವತ್ತೂ ಇರಲಿಲ್ಲ’ ಎಂದರು ಅಧ್ಯಕ್ಷರು. ವಾಣಿಜ್ಯ ಬ್ಯಾಂಕು ಮತ್ತು ಪರವಾನಗಿ ಪಡೆದ ಸಹಕಾರಿ ಬ್ಯಾಂಕುಗಳಲ್ಲಿ ಒಬ್ಬರ ಠೇವಣಿಗೆ 5 ಲಕ್ಷ ರೂಪಾಯಿ ತನಕ ವಿಮೆಯ ರಕ್ಷಣೆ ಉಂಟು. ಪ್ರಾಥಮಿಕ ಸಂಘಗಳು ಆ ವ್ಯವಸ್ಥೆಯೊಳಗೆ ಬರುವುದೇ ಇಲ್ಲ. ಹಲಗೆಯಲ್ಲಿ ಬ್ಯಾಂಕ್ ಎಂದಿದ್ದಾಗ ಇದನ್ನು ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಇಂಥ ಸಭೆಗಳಲ್ಲಿ ಅಧ್ಯಕ್ಷರಾದವರು ಈ ಮಾತನ್ನು ನುಂಗಿಕೊಳ್ಳುವುದೇ ಹೆಚ್ಚು. ನುಂಗಿಕೊಂಡರೆ ಸದಸ್ಯರಿಗೆ ಅದು ವಾಟ್ಸ್ಆ್ಯಪ್‌ನಲ್ಲಿ, ಇನ್ನೊಬ್ಬರ ಬಾಯಿಂದ, ಇನ್ನೊಂದು ರೂಪದಲ್ಲಿ ತಲುಪುತ್ತದೆ. ಇಲ್ಲಿ ಅಧ್ಯಕ್ಷರು ತಾವೇ ಹೇಳಿ, ವಿಮೆಯ ಬದಲಿಗೆ ಏನಿದೆ ಎಂಬುದನ್ನೂ ತೋರಿಸಿದರು. ವರದಿ ಪುಸ್ತಕ ತೆರೆಯಿಸಿ ಮೂರು ಸಾಲು ಓದಿದರು: ಆಪದ್ಧನ ನಿಧಿ ಎಷ್ಟು, ಜಿಲ್ಲಾ ಬ್ಯಾಂಕಿನಲ್ಲಿ ಇಟ್ಟಿರುವುದು ಎಷ್ಟು, ವಾಯಿದೆ ಮೀರಿದ ಸಾಲ ಎಷ್ಟು. ಸಂಘ ಗಟ್ಟಿಯೋ ಟೊಳ್ಳೋ ಎಂದು ಸದಸ್ಯ ತಾನೇ ನೋಡಬಹುದಾದ ಜಾಗ ಅದು. ವಾಯಿದೆ ಮೀರಿದ ಸಾಲ ವರ್ಷದಿಂದ ವರ್ಷಕ್ಕೆ ಏರುತ್ತಾ ಆಪದ್ಧನ ನಿಂತಲ್ಲೇ ನಿಂತಿದ್ದರೆ ಹಲಗೆಯಲ್ಲಿ ಏನು ಬರೆದಿದ್ದರೂ ಎಚ್ಚರ ಬೇಕು.

ಹೆಸರು ಬಿಟ್ಟರೆ ಸಿಗುವ ಲಾಭವನ್ನೂ ಅವರು ಮರೆಯಲಿಲ್ಲ. ಸಹಕಾರ ಸಂಘಗಳ ಲಾಭಕ್ಕೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಇದೆ. 2006ರಲ್ಲಿ ಸಹಕಾರಿ ಬ್ಯಾಂಕುಗಳಿಗೆ ಅದನ್ನು ತೆಗೆದುಹಾಕಿ, ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಉಳಿಸಿದರು. ಅಲ್ಲಿಂದ ಗೊಂದಲ ಶುರುವಾಯಿತು. ನೋಂದಣಿ ಕೃಷಿ ಪತ್ತಿನ ಸಂಘವೆಂದು, ಹೆಸರು ಮಾತ್ರ ಬ್ಯಾಂಕೆಂದು. ಕೇರಳದ ಕಣ್ಣೂರು ಜಿಲ್ಲೆಯ ಮಾವಿಲಾಯಿ ಸೇವಾ ಸಹಕಾರಿ ಬ್ಯಾಂಕಿನ ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಯಿತು. 2021ರ ಜನವರಿ 12ರಂದು ಕೋರ್ಟು ಸಂಘಗಳ ಪರವಾಗಿ ತೀರ್ಪು ಕೊಟ್ಟಿತು. ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲದ್ದನ್ನು ಸಹಕಾರಿ ಬ್ಯಾಂಕ್ ಎನ್ನಲಾಗದು, ರಿಯಾಯಿತಿ ಕೊಡಬೇಕು. ಆದರೆ ಸದಸ್ಯರಲ್ಲದವರಿಗೆ ಕೊಟ್ಟ ಸಾಲದ ಲಾಭಕ್ಕೆ ರಿಯಾಯಿತಿ ಸಿಗದು ಎಂದೂ ಅದೇ ತೀರ್ಪು ಹೇಳಿತು. ಹೆಸರೂ ಕೆಲಸವೂ ಒಂದೇ ಆಗಿದ್ದರೆ ಇಂಥ ವ್ಯಾಜ್ಯಕ್ಕೆ ಎಡೆ ಕಡಿಮೆ ಎಂಬುದು ಅಧ್ಯಕ್ಷರ ವಾದವಾಗಿತ್ತು. ತೆರಿಗೆಗೆ ಹೋಗುವ ದುಡ್ಡು ಕೊನೆಗೆ ಸದಸ್ಯರ ಡಿವಿಡೆಂಡಿನಿಂದಲೇ ಹೋಗುವುದು ಎಂದಾಗ ಸಭೆ ತಲೆದೂಗಿತು.

ಹೊಸ ಹೆಸರಿನ ಆಯ್ಕೆಯೂ ಸಲೀಸಾಗಿ ಆಗಿರಲಿಲ್ಲ. 2023ರಲ್ಲಿ ಕೇಂದ್ರ ಸಹಕಾರ ಸಚಿವಾಲಯ ಪ್ರಾಥಮಿಕ ಸಂಘಗಳಿಗೆ ಮಾದರಿ ಬೈಲಾ ಕಳಿಸಿ, ಹಾಲು, ಮೀನು, ಗೋದಾಮು, ಪೆಟ್ರೋಲ್ ಬಂಕ್ ತನಕ ಹಲವು ವ್ಯವಹಾರಗಳಿಗೆ ಬಾಗಿಲು ತೆರೆದಿತ್ತು. ಅದನ್ನು ನೋಡಿದ ಕೆಲವು ನಿರ್ದೇಶಕರಿಗೆ ‘ವಿವಿಧೋದ್ದೇಶ’ ಎಂಬ ಪದ ಸೇರಬೇಕೆಂಬ ಆಸೆ. ಹಿರಿಯ ನಿರ್ದೇಶಕರಿಗೆ ಹಳೆಯ ‘ಸೇವಾ ಸಹಕಾರಿ’ಯನ್ನು ಉಳಿಸಿಕೊಳ್ಳುವ ಆಸೆ. ಕೊನೆಗೆ ಗೆದ್ದದ್ದು ‘ಕೃಷಿ ಪತ್ತಿನ’. ಕಾಯ್ದೆಯ ವಿನಾಯಿತಿ ಸಿಗುವುದು ಸದಸ್ಯರಿಗೆ ಕೃಷಿಸಾಲ ಕೊಡುವುದೇ ಮುಖ್ಯ ಉದ್ದೇಶವಾದ ಸಂಘಕ್ಕೆ. ಆ ಉದ್ದೇಶ ಹೆಸರಿನಲ್ಲೇ ಕಂಡರೆ ಮುಂದೆ ಯಾರಿಗೂ ವಿವರಣೆ ಕೊಡಬೇಕಾಗಿಲ್ಲ. ನನಗೂ ಅದೇ ಸರಿ ಎನ್ನಿಸುತ್ತದೆ.

ಬೈಲಾ ತಿದ್ದುಪಡಿಗೆ ಸಾಮಾನ್ಯ ಬಹುಮತ ಸಾಲದು, ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಬೇಕು. ಅಲ್ಲಿ ಕೈಗಳು ಧಾರಾಳವಾಗಿ ಮೇಲೆದ್ದವು. ಠರಾವು ಆದಷ್ಟಕ್ಕೆ ಹೆಸರು ಬದಲಾಗುವುದಿಲ್ಲ, ನಿಬಂಧಕರು ನೋಂದಾಯಿಸಿದ ದಿನದಿಂದ ಮಾತ್ರ. ಆ ಆದೇಶ ಬಂದ ಮೇಲೆ ಪ್ಯಾನ್, ಜಿಎಸ್‌ಟಿ, ಗೊಬ್ಬರ ಮಾರಾಟದ ಲೈಸೆನ್ಸು, ಪಡಿತರ ಅಂಗಡಿಯ ಪರವಾನಗಿ, ಜಿಲ್ಲಾ ಬ್ಯಾಂಕಿನ ಖಾತೆ, ಸೀಲು, ರಶೀದಿ ಪುಸ್ತಕ ಎಲ್ಲವೂ ಒಂದೊಂದಾಗಿ ಬದಲಾಗಬೇಕು. ಇದರಲ್ಲಿ ಒಂದು ಹಿಂದೆ ಬಿದ್ದರೂ ಹೊಸ ಹೆಸರಿನ ಬಿಲ್ಲು ಹಳೆಯ ಹೆಸರಿನ ಲೈಸೆನ್ಸಿಗೆ ತಾಳೆಯಾಗದೆ ಗೊಬ್ಬರದ ಲೋಡು ನಿಲ್ಲಬಹುದು. ಅದಕ್ಕಾಗಿ ಲೈಸೆನ್ಸುಗಳ ಕೆಲಸ ಮೊದಲು, ಹಲಗೆ ಕೊನೆಗೆ ಎಂದು ತೀರ್ಮಾನವಾಯಿತು.

ಮತ ಎಣಿಸಿದ ಮೇಲೆ ಯುವ ಕೃಷಿಕರೊಬ್ಬರು ಎದ್ದು ನಿಂತರು. ‘ಅಧ್ಯಕ್ಷರೆ, ಹೆಸರು ಕೃಷಿ ಪತ್ತು ಅಂತ ಆಯಿತು, ಸರಿ. ವರದಿಯಲ್ಲಿ ನೋಡಿದರೆ ಚಿನ್ನದ ಸಾಲ, ವಾಹನ ಸಾಲವೇ ಏರುತ್ತಾ ಇದೆ. ಅದು ಕೃಷಿಸಾಲವನ್ನು ಮೀರಿದರೆ ನಮ್ಮ ಮುಖ್ಯ ಉದ್ದೇಶ ಯಾವುದು ಅಂತ ಕೇಳುವುದಿಲ್ಲವೇ?’ ಬೇರೆ ಸಭೆಯಾಗಿದ್ದರೆ ಸಮಯ ಮೀರಿತೆಂದು ವಂದನಾರ್ಪಣೆಗೆ ಕರೆಯುತ್ತಿದ್ದರೇನೋ. ಇಲ್ಲಿ ಅಧ್ಯಕ್ಷರು ಪ್ರಶ್ನೆ ನ್ಯಾಯವಾದದ್ದೆಂದು ಒಪ್ಪಿಕೊಂಡರು. ಮುಂದಿನ ವರ್ಷದಿಂದ ವರದಿ ಪುಸ್ತಕದಲ್ಲಿ ಕೃಷಿಸಾಲ ಮತ್ತು ಕೃಷಿಯೇತರ ಸಾಲದ ಹೊರಬಾಕಿಯನ್ನು ಅಕ್ಕಪಕ್ಕದಲ್ಲಿ ಅಚ್ಚು ಹಾಕಬೇಕು, ಕೃಷಿಯೇತರ ಸಾಲ ಅರ್ಧ ಮುಟ್ಟುವ ಮೊದಲೇ ಆಡಳಿತ ಮಂಡಳಿ ಮಹಾಸಭೆಗೆ ತಿಳಿಸಬೇಕು ಎಂಬ ಇನ್ನೊಂದು ಠರಾವನ್ನು ಅಲ್ಲೇ ಬರೆಸಿದರು.