ಡೆಕೊರೇಟರ್‌ಗೆ ಬರೆಯುವ ಪತ್ರ ಅಜ್ಜನ ಮಂಚದಿಂದ ಶುರುವಾಗಲಿ

ಹೊಸ ಫ್ಲಾಟಿನ ಕೀಲಿಕೈ ಕೈಗೆ ಬಂದ ವಾರದಲ್ಲೇ ಇಂಟೀರಿಯರ್ ಡೆಕೊರೇಟರ್ ಜೊತೆ ಮೊದಲ ಭೇಟಿ ನಡೆಯುತ್ತದೆ. ಅಲ್ಲಿ ಮನೆಯವರ ಬಾಯಿಂದ ಬರುವ ಮಾತು ಸಾಮಾನ್ಯವಾಗಿ ಎರಡೇ: ‘ಸಿಂಪಲ್ ಆಗಿ, ನೀಟಾಗಿ ಇರಲಿ’ ಮತ್ತು ‘ಬಜೆಟ್ ಸುಮಾರು ಇಷ್ಟು’. ಮೂರು ದಿನ ಕಳೆದರೆ ಕಂಪ್ಯೂಟರಿನಲ್ಲಿ ಮಾಡಿದ ಬಣ್ಣದ ಚಿತ್ರಗಳು ಫೋನಿಗೆ ಬರುತ್ತವೆ. ನೋಡಲು ಚೆಂದವಾಗಿಯೇ ಇರುತ್ತವೆ. ಆದರೆ ಆ ಚಿತ್ರಗಳಲ್ಲಿ ಊರಿನಿಂದ ತರಬೇಕೆಂದಿರುವ ತೇಗದ ಮಂಚ ಇರುವುದಿಲ್ಲ, ಅಮ್ಮನ ಬೀರು ಇರುವುದಿಲ್ಲ. ಅವನ್ನು ಇಡಲು ಜಾಗ ಹುಡುಕುವ ಹೊತ್ತಿಗೆ ಪ್ಲೈವುಡ್ ಕತ್ತರಿಸಿ ಆಗಿರುತ್ತದೆ.

ಇದಕ್ಕೆ ನನಗೆ ತಿಳಿದಿರುವ ಪರಿಹಾರವೆಂದರೆ ಭೇಟಿಗೆ ಮುಂಚೆಯೇ ಕೊಡುವ ಎರಡು ಪುಟದ ಪತ್ರ. ಹೆಚ್ಚಿನವರು ಇಂಥ ಪತ್ರವನ್ನು ಅಭಿರುಚಿಯಿಂದ ಆರಂಭಿಸಿ, ನಡುವೆ ದುಡ್ಡಿನ ಮಾತು ಹೇಳಿ, ಕೊನೆಗೆ ‘ಅಂದ ಹಾಗೆ ಒಂದು ಹಳೆಯ ಮಂಚ ಇದೆ’ ಎಂದು ಮುಗಿಸುತ್ತಾರೆ. ಈ ಕ್ರಮ ತಿರುಗುಮುರುಗಾಗಬೇಕು. ಉಳಿಯಲೇಬೇಕಾದ ಸಾಮಾನು ಮೊದಲು, ದುಡ್ಡು ಆಮೇಲೆ, ಅಭಿರುಚಿ ಕೊನೆಗೆ. ಉಳಿಯುವ ಸಾಮಾನಿನ ಅಳತೆಯ ಮೇಲೆ ಕೋಣೆಯ ನಕ್ಷೆ ನಿಲ್ಲುತ್ತದೆ, ಆ ನಕ್ಷೆಯ ಮೇಲೆ ಖರ್ಚಿನ ಲೆಕ್ಕ ನಿಲ್ಲುತ್ತದೆ.

ಒಂದು ಮನೆಯನ್ನೇ ಕಣ್ಣೆದುರು ತಂದುಕೊಳ್ಳೋಣ. ಬೆಂಗಳೂರಿನ ಕನಕಪುರ ರಸ್ತೆಯಲ್ಲಿ ಎರಡು ಬೆಡ್‌ರೂಮಿನ ಫ್ಲಾಟು. ಗಂಡ, ಹೆಂಡತಿ, ಒಂಬತ್ತು ವರ್ಷದ ಮಗಳು ಮತ್ತು ಅರಸೀಕೆರೆಯ ಮನೆ ಬಿಟ್ಟು ಬಂದು ಇವರ ಜೊತೆಗಿರುವ ಅತ್ತೆ. ಎಲ್ಲ ಖರ್ಚು ಸೇರಿ ಕೈಯಲ್ಲಿರುವುದು 8 ಲಕ್ಷ ರೂಪಾಯಿ. ಅವರು ಬರೆಯಬಹುದಾದ ಪತ್ರದ ಮೊದಲ ಭಾಗ ಹೀಗಿರುತ್ತದೆ:

“ನಮಸ್ಕಾರ ಮೇಡಂ. ಈ ಮನೆಗೆ ಮೂರು ಹಳೆಯ ಸಾಮಾನು ಬರುತ್ತವೆ. ಒಂದು, ತೇಗದ ಮಂಚ. 75 ಇಂಚು ಉದ್ದ, 48 ಇಂಚು ಅಗಲ. ಕಾಲುಗಳು ಬಿಚ್ಚಿಕೊಳ್ಳುತ್ತವೆ. ಇದು ಅತ್ತೆಯವರ ಕೋಣೆಗೆ. ಪಾಲಿಶ್ ಮಾಡಬಹುದು, ಪೇಂಟ್ ಬೇಡ, ಕತ್ತರಿಸುವುದಂತೂ ಬೇಡವೇ ಬೇಡ. ಎರಡು, ಸ್ಟೀಲ್ ಬೀರು. 78 ಇಂಚು ಎತ್ತರ, 36 ಇಂಚು ಅಗಲ, 19 ಇಂಚು ಆಳ. ಬಾಗಿಲುಗಳು ಹೊರಗೆ ತೆರೆಯುತ್ತವೆ. ಬಣ್ಣ ಬದಲಿಸಬಹುದು. ಅದೂ ಅತ್ತೆಯವರ ಕೋಣೆಯಲ್ಲೇ ಇರಬೇಕು. ಮೂರು, ದೇವರ ಮಂಟಪ. 24 ಇಂಚು ಅಗಲ, 18 ಇಂಚು ಆಳ, 40 ಇಂಚು ಎತ್ತರ. ಪೂರ್ವಕ್ಕೆ ಮುಖ ಮಾಡಿರಬೇಕು. ಎಲ್ಲಿ ಎಂಬುದನ್ನು ನೀವು ಸೂಚಿಸಬಹುದು. ಮೂರರ ಫೋಟೋಗಳನ್ನೂ ಲಗತ್ತಿಸಿದ್ದೇವೆ.”

ಪ್ರತಿ ಸಾಮಾನಿಗೂ ಅಳತೆ ಇದೆ, ಫೋಟೋ ಇದೆ, ಏನು ಮಾಡಬಹುದು, ಏನು ಮಾಡಬಾರದು ಎಂಬುದಿದೆ. ಕೊನೆಯ ವಿಷಯವನ್ನೇ ಜನ ಮರೆಯುವುದು. ‘ಮಂಚವನ್ನು ಉಳಿಸಿಕೊಳ್ಳುತ್ತೇವೆ’ ಎಂದಷ್ಟೇ ಬರೆದರೆ ಅದಕ್ಕೆ ಬಿಳಿ ಬಣ್ಣ ಬಳಿಯುವುದನ್ನೂ, ತಲೆದೆಸೆಯ ಹಲಗೆ ತೆಗೆದು ಕುಶನ್ ಹೊಡೆಯುವುದನ್ನೂ ಡೆಕೊರೇಟರ್ ಸಹಜವೆಂದೇ ತಿಳಿಯಬಹುದು. ಅವರ ದೃಷ್ಟಿಯಲ್ಲಿ ಮಂಚ ಉಳಿದೇ ಇದೆಯಲ್ಲ. ಆದ್ದರಿಂದ ಮುಟ್ಟಲೇಬಾರದ್ದು ಯಾವುದು, ಮೇಲ್ಮೈ ಮಾತ್ರ ಬದಲಾಗಬಹುದಾದ್ದು ಯಾವುದು, ಜಾಗ ಬದಲಾದರೂ ಸರಿ ಎನ್ನುವಂಥದ್ದು ಯಾವುದು ಎಂದು ಬಿಡಿಸಿ ಬರೆಯಬೇಕು.

ಮಂಚ ಹೊರಡುವ ಮುಂಚೆ ಒಮ್ಮೆ ಬಗ್ಗಿ ಅದರ ಕಾಲಿನ ಬುಡ ನೋಡಿ. ನೆಲದ ಮೇಲೆ ಜರಡಿ ಹಿಡಿದ ಹಿಟ್ಟಿನಂಥ ನುಣ್ಣನೆಯ ಪುಡಿ ಬಿದ್ದಿದ್ದರೆ, ಮರದಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತುಗಳಿದ್ದರೆ ಕುಟ್ಟೆ ಹಿಡಿದಿದೆ ಎಂದರ್ಥ. ಒರೆಸಿ ಎರಡು ದಿನ ಬಿಟ್ಟು ನೋಡಿದಾಗ ಮತ್ತೆ ಪುಡಿ ಉದುರಿದ್ದರೆ ಹುಳು ಒಳಗೆ ಜೀವಂತ ಇದೆ. ತೇಗದ ತಿರುಳಿಗೆ ಕುಟ್ಟೆಯ ಕಾಟ ಕಡಿಮೆ. ಆದರೆ ಹಳೆಯ ಮಂಚಗಳ ಅಡ್ಡಪಟ್ಟಿಗಳಿಗೆ ಬೇರೆ ಮರ ಹಾಕಿರುವುದುಂಟು, ಹುಳು ಸೇರುವುದು ಅಲ್ಲಿ. ಊರಿನಲ್ಲೇ ಔಷಧಿ ಹೊಡೆಸಿ, ಹಾಳಾದ ಪಟ್ಟಿ ಬದಲಿಸಿಯೇ ತರಬೇಕು. ಹೊಸ ವಾರ್ಡ್‌ರೋಬ್ ಪಕ್ಕದಲ್ಲಿ ಹುಳುವಿರುವ ಮರ ತಂದಿಡುವುದು ಸರಿಯಲ್ಲ. ಇದನ್ನು ಯಾರು ಮಾಡಿಸುತ್ತಾರೆ ಎಂಬುದೂ ಪತ್ರದಲ್ಲಿ ಒಂದು ಸಾಲಾಗಿ ಬರಲಿ.

ಈಗ ಅಳತೆಯಿಂದ ಏನಾಗುತ್ತದೆ ನೋಡಿ. ಅತ್ತೆಯವರ ಕೋಣೆ 10 ಅಡಿ ಅಗಲ. ಒಂದು ಗೋಡೆಗೆ ವಾರ್ಡ್‌ರೋಬ್ ನಿಂತರೆ 2 ಅಡಿ ಹೋಯಿತು, ಎದುರು ಗೋಡೆಗೆ ಉದ್ದಕ್ಕೆ ಹಾಕಿದ ಮಂಚಕ್ಕೆ 4 ಅಡಿ ಹೋಯಿತು. ನಡುವೆ 4 ಅಡಿ ಉಳಿಯಿತು. ವಾರ್ಡ್‌ರೋಬಿನ ಬಾಗಿಲು ತೆರೆದು ನಿಲ್ಲಲು, ರಾತ್ರಿ ಎದ್ದು ಬಚ್ಚಲಿಗೆ ಹೋಗಲು ಇದು ಸಾಕು. ಪತ್ರದಲ್ಲಿ ಮಂಚದ ಅಳತೆ ಇಲ್ಲದಿದ್ದರೆ ಡೆಕೊರೇಟರ್ ರೂಢಿಯಂತೆ 5 ಅಡಿಯ ಹೊಸ ಕಾಟ್ ಹಿಡಿದು ನಕ್ಷೆ ಹಾಕುತ್ತಾರೆ. ಆಗ ಉಳಿಯುವುದು 3 ಅಡಿ. ಅದಕ್ಕೆ ಹೆದರಿ ಸ್ಲೈಡಿಂಗ್ ಬಾಗಿಲು ಸೂಚಿಸುತ್ತಾರೆ, ಅದರ ಹಳಿ ಮತ್ತು ಗಾಲಿಗಳ ಖರ್ಚು ಮೇಲೆ ಬೀಳುತ್ತದೆ.

ಬೀರುವಿನ ಲೆಕ್ಕ ಇನ್ನೂ ಸ್ಪಷ್ಟ. ಆ ಗೋಡೆ 9 ಅಡಿ ಎಂದಿಟ್ಟುಕೊಳ್ಳಿ. ಪೂರ್ತಿ ವಾರ್ಡ್‌ರೋಬ್ ಮಾಡಿಸಿದರೆ 9 ಅಡಿ ಅಗಲ, 7 ಅಡಿ ಎತ್ತರ, ಅಂದರೆ 63 ಚದರಡಿ. 3 ಅಡಿ ಜಾಗದಲ್ಲಿ ಬೀರು ನಿಂತರೆ ಉಳಿಯುವುದು 42 ಚದರಡಿ. ಉದಾಹರಣೆಗೆ ಚದರಡಿಗೆ 1,500 ರೂಪಾಯಿ ದರ ಹಿಡಿದರೆ ಉಳಿತಾಯ 31,500 ರೂಪಾಯಿ. ಆದರೆ ಬೀರುವಿಗೆ ಅಳತೆಗೆ ಸರಿಯಾಗಿ 36 ಇಂಚು ಬಿಟ್ಟರೆ ಸಾಲದು. ಎರಡೂ ಬದಿಯಲ್ಲಿ ಒಂದೆರಡು ಇಂಚು ಸಡಿಲ ಬೇಕು. ಇಲ್ಲದಿದ್ದರೆ ಬೀರುವಿನ ಬಾಗಿಲು ಪಕ್ಕದ ಹಲಗೆಗೆ ತಾಗಿ ಅರ್ಧಕ್ಕೇ ನಿಲ್ಲುತ್ತದೆ, ಒಳಗಿನ ಲಾಕರ್ ತೆರೆಯಲು ಒದ್ದಾಡಬೇಕಾಗುತ್ತದೆ.

ಇನ್ನು ದುಡ್ಡಿನ ಮಾತು. ಇಲ್ಲಿ ಸಂಕೋಚ ಬೇಡ. ಇರುವ ಮೊತ್ತ ಹೇಳಿದರೆ ಅಷ್ಟಕ್ಕೂ ಬಿಲ್ಲು ಮಾಡುತ್ತಾರೆಂಬ ಭಯದಿಂದ ಕೆಲವರು ಕಡಿಮೆ ಹೇಳುತ್ತಾರೆ. ಕಡಿಮೆ ಹೇಳಿದರೆ ಕಡಿಮೆ ದರ್ಜೆಯ ಪ್ಲೈವುಡ್ಡಿನ ಲೆಕ್ಕ ಬರುತ್ತದೆ ಅಷ್ಟೆ. ಮೊತ್ತ ಹೇಳಿ, ಅದರಲ್ಲಿ ಏನೆಲ್ಲ ಸೇರಿದೆ ಎಂಬುದನ್ನೂ ಹೇಳಿ. ನಮ್ಮ ಕುಟುಂಬದವರು ಹೀಗೆ ಬರೆಯುತ್ತಾರೆ: “ನಾವು ಕೊಡಬಹುದಾದ್ದು ಜಿಎಸ್‌ಟಿ ಸೇರಿ 7 ಲಕ್ಷ 40 ಸಾವಿರ. ನಿಮ್ಮ ಡಿಸೈನ್ ಶುಲ್ಕ, ಸಾಗಣೆ, ಕೆಲಸ ಮುಗಿದ ಮೇಲೆ ಕಸ ಸಾಗಿಸುವುದು ಎಲ್ಲ ಇದರೊಳಗೆ. ಫ್ರಿಜ್, ಚಿಮಣಿ, ಫ್ಯಾನು, ಪರದೆ ನಾವೇ ಕೊಳ್ಳುತ್ತೇವೆ, ಅವು ಈ ಮೊತ್ತದಲ್ಲಿಲ್ಲ. ಅವಕ್ಕೆ ಬೇರೆ ದುಡ್ಡು ಇಟ್ಟಿದ್ದೇವೆ.”

ಇಂಟೀರಿಯರ್ ಕೆಲಸದ ಮೇಲೆ ಶೇ. 18 ಜಿಎಸ್‌ಟಿ ಇದೆ. ಮೊದಲು ಬರುವ ಕೊಟೇಶನ್‌ಗಳಲ್ಲಿ ಇದು ಕೆಳಗಡೆ ಸಣ್ಣಕ್ಷರದಲ್ಲಿ ‘ಪ್ರತ್ಯೇಕ’ ಎಂದಿರುವುದೇ ಹೆಚ್ಚು. 8 ಲಕ್ಷದ ಕೊಟೇಶನ್ ಒಪ್ಪಿದವರು ಕೊನೆಗೆ ಕೊಡುವುದು 9 ಲಕ್ಷ 44 ಸಾವಿರ. 7 ಲಕ್ಷ 40 ಸಾವಿರ ತೆರಿಗೆ ಸೇರಿ ಎಂದರೆ ಕೆಲಸದ ಬೆಲೆ ಸುಮಾರು 6 ಲಕ್ಷ 27 ಸಾವಿರ ಎಂಬುದು ಇಬ್ಬರಿಗೂ ಮೊದಲೇ ಗೊತ್ತಿರಬೇಕು. 8 ಲಕ್ಷದಲ್ಲಿ ಉಳಿದ 60 ಸಾವಿರದ ವಿಷಯ ಪತ್ರದಲ್ಲಿ ಬರುವುದು ಬೇಡ. ಗೋಡೆ ಬಿಚ್ಚಿದಾಗ ಕಾಣುವ ನೀರಿನ ಸೋರಿಕೆ, ಹೆಚ್ಚುವರಿ ಪ್ಲಗ್ ಪಾಯಿಂಟು, ಇಂಥವಕ್ಕೆ ಅದು ಬೇಕಾಗುತ್ತದೆ.

ಚದರಡಿ ದರ ಕೇಳುವಾಗ ಅದನ್ನು ಹೇಗೆ ಅಳೆಯುತ್ತಾರೆಂದೂ ಕೇಳಬೇಕು. ಸಾಮಾನ್ಯವಾಗಿ ಎದುರಿನ ಮುಖವನ್ನು ಮಾತ್ರ ಅಳೆಯುತ್ತಾರೆ. ಮೇಲಿನ ಅಟ್ಟ, ಒಳಗಿನ ಡ್ರಾಯರ್, ಕನ್ನಡಿ ಆ ದರದಲ್ಲಿ ಸೇರಿವೆಯೇ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಎರಡು ಕೊಟೇಶನ್‌ಗಳನ್ನು ಹೋಲಿಸಿ ಮೋಸ ಹೋಗುವುದು ಹೆಚ್ಚಾಗಿ ಇಲ್ಲೇ. ಪ್ಲೈವುಡ್ ವಿಷಯದಲ್ಲಿ ಪತ್ರಕ್ಕೆ ಒಂದು ವಾಕ್ಯ ಸಾಕು: ಸಿಂಕಿನ ಕೆಳಗೂ ಅಡುಗೆಮನೆಯ ನೀರು ತಾಗುವ ಕಡೆಗಳಲ್ಲೂ ಐಎಸ್ 710 ದರ್ಜೆ, ಉಳಿದ ಕಡೆ ಐಎಸ್ 303 ದರ್ಜೆ. ಕೆಲಸ ಶುರುವಾದ ದಿನ ಹಲಗೆಯ ಮೇಲಿನ ಮುದ್ರೆಯನ್ನು ನೀವೇ ಓದಿ ನೋಡಿ. ಮನೆ ತುಂಬ 710 ಹಾಕಿಸಿದರೆ ದುಡ್ಡು ಹೋಗುತ್ತದೆಯೇ ಹೊರತು ಬಟ್ಟೆ ಇಡುವ ವಾರ್ಡ್‌ರೋಬಿಗೆ ಅದರಿಂದ ಹೆಚ್ಚಿನ ಲಾಭವಿಲ್ಲ.

ಅಭಿರುಚಿಯನ್ನು ಹೇಳುವುದೇ ಎಲ್ಲಕ್ಕಿಂತ ಕಷ್ಟ. ‘ಮಾಡರ್ನ್’, ‘ಟ್ರೆಡಿಷನಲ್’, ‘ಕ್ಲಾಸಿ’ ಎಂಬ ಮಾತುಗಳಿಂದ ಯಾವ ಡೆಕೊರೇಟರ್‌ಗೂ ಏನೂ ತಿಳಿಯುವುದಿಲ್ಲ. ದಿನಚರಿ ಬರೆದರೆ ತಿಳಿಯುತ್ತದೆ. “ಅತ್ತೆ ಬೆಳಗ್ಗೆ ಐದಕ್ಕೆ ಏಳುತ್ತಾರೆ. ಅಡುಗೆಮನೆಯ ದೀಪ ಹಾಕಿದರೆ ಮಗಳ ಕೋಣೆಗೆ ಬೆಳಕು ಬೀಳಬಾರದು. ಅಡುಗೆ ಮಾಡುವುದು ಹೆಚ್ಚಾಗಿ ಅವರೇ, ಎತ್ತರ 5 ಅಡಿ, ಹಾಗಾಗಿ ಕಟ್ಟೆ 32 ಇಂಚು ಸಾಕು. ವಾರಕ್ಕೆರಡು ಸಲ ದೋಸೆಹಿಟ್ಟು ರುಬ್ಬುತ್ತೇವೆ. ಗ್ರೈಂಡರ್ ಕಟ್ಟೆಯ ಮೇಲೆ ಖಾಯಂ ಇರಬೇಕು, ಎತ್ತಿ ಇಡುವುದು ಆಗುವುದಿಲ್ಲ. ಹಬ್ಬದ ದಿನ ಹತ್ತು ಜನ ನೆಲದ ಮೇಲೆ ಕೂತು ಊಟ ಮಾಡುತ್ತೇವೆ. ಹಾಲಿನ ನಡುವೆ ಭಾರವಾದ ಟೇಬಲ್ ಬೇಡ.” ಕಟ್ಟೆಯ ಎತ್ತರ 34 ಇಂಚು ಇಡುವುದು ಈಚಿನ ವಾಡಿಕೆ. 5 ಅಡಿ ಎತ್ತರದವರು ಅದರ ಮೇಲೆ ಚಪಾತಿ ಲಟ್ಟಿಸಿದರೆ ಸಂಜೆಗೆ ಹೆಗಲು ನೋಯುತ್ತದೆ. ಈ ಎರಡು ಇಂಚನ್ನು ಕೇಳದಿದ್ದರೆ ಯಾರೂ ಕೊಡುವುದಿಲ್ಲ.

ಬಣ್ಣದ ಬಗ್ಗೆ ಹೇಳುವಾಗ ನೀವು ಕಂಡ ವಸ್ತುವನ್ನೇ ತೋರಿಸಿ. ‘ಅರಸೀಕೆರೆ ಮನೆಯ ಕೆಂಪು ಗಾರೆ ನೆಲದ ಬಣ್ಣ’ ಎಂದು ಫೋಟೋ ಕೊಟ್ಟರೆ ಲ್ಯಾಮಿನೇಟ್ ಆರಿಸುವುದು ಸುಲಭ. ಏನು ಬೇಡ ಎಂಬುದನ್ನೂ ಬರೆಯಿರಿ: ಹೊಳೆಯುವ ಮೇಲ್ಮೈ ಬೇಡ, ಬೆರಳಚ್ಚು ಕಾಣುತ್ತದೆ. ಮಲಗುವ ಕೋಣೆಗೆ ಫಾಲ್ಸ್ ಸೀಲಿಂಗ್ ಬೇಡ, ಫ್ಯಾನು ಕೆಳಗಿಳಿಯುತ್ತದೆ. ದೀಪ 3000 ಕೆಲ್ವಿನ್ ಹಳದಿ ಛಾಯೆಯದ್ದಿರಲಿ, ಅಡುಗೆಮನೆಗೆ ಮಾತ್ರ 4000. ಕಾರಣವನ್ನೂ ಜೊತೆಗೆ ಹೇಳಿದರೆ ಡೆಕೊರೇಟರ್ ಅದಕ್ಕಿಂತ ಒಳ್ಳೆಯ ದಾರಿ ಸೂಚಿಸುವುದೂ ಸಾಧ್ಯ.

ಪತ್ರವನ್ನು ಅವರು ಓದಿದ್ದಾರೋ ಇಲ್ಲವೋ ಎಂಬುದು ಮೊದಲ ನಕ್ಷೆಯಲ್ಲೇ ಗೊತ್ತಾಗುತ್ತದೆ. ಬಣ್ಣದ ಚಿತ್ರಗಳಿಗೆ ಮುಂಚೆ ಅಳತೆ ಗುರುತಿಸಿದ ನೆಲದ ನಕ್ಷೆ ಕೇಳಿ. ಅದರಲ್ಲಿ 75ಕ್ಕೆ 48 ಇಂಚಿನ ಮಂಚ ಇದೆಯೇ, ಬೀರು ನಿಂತಿದೆಯೇ, ಮಂಟಪ ಪೂರ್ವಕ್ಕೆ ತಿರುಗಿದೆಯೇ ನೋಡಿ. ಮೂರೂ ಇಲ್ಲದಿದ್ದರೆ ಮುಂಗಡ ಕೊಡಬೇಡಿ. ಇದ್ದರೆ ಮುಂದುವರಿಯಿರಿ. ಆದರೆ ಒಪ್ಪಂದಕ್ಕೆ ಸಹಿ ಹಾಕುವ ದಿನ ಈ ಎರಡು ಪುಟಗಳನ್ನೂ ಒಪ್ಪಂದದ ಜೊತೆ ಅನುಬಂಧವಾಗಿ ಸೇರಿಸಿ, ಪ್ರತಿ ಪುಟದಲ್ಲೂ ಇಬ್ಬರ ಸಹಿ ಇರುವಂತೆ ನೋಡಿಕೊಳ್ಳಿ. ಕೊನೆಯ ಕಂತನ್ನು, ಕನಿಷ್ಠ ಶೇ. 10ರಷ್ಟನ್ನಾದರೂ, ಪತ್ರದ ಒಂದೊಂದು ಸಾಲನ್ನೂ ಮನೆಯೊಳಗೆ ನಿಂತು ತಾಳೆ ನೋಡಿದ ಮೇಲೆಯೇ ಕೊಡಿ.