ರಕ್ತದ್ರವದಲ್ಲೊಂದು ಶಿಖರ

ಧಾರವಾಡ ಸೀಮೆಯ ಎರೆಹೊಲದಲ್ಲಿ ಆಯುಷ್ಯವೆಲ್ಲ ದುಡಿದು ಅರವತ್ತನ್ನು ದಾಟಿದ ರೈತನೊಬ್ಬನು “ನಡಾ ಹಿಡದೈತ್ರೀ, ಎದ್ದು ಕುಂದ್ರಾಕ ಆಗವಲ್ದು” ಎಂದರೆ, ಅದನ್ನು ವಯೋಧರ್ಮವೆಂದು ಎಣಿಸಿ ನೋವಿನ ಗುಳಿಗೆ ನುಂಗಿಸುವುದು ಮನೆಯವರಿಗೂ ನೆರೆಯವರಿಗೂ ರೂಢಿ. ಇಂಥ ಒಬ್ಬನು ಹಲವು ತಿಂಗಳು ಗುಳಿಗೆಗಳಲ್ಲಿಯೇ ಕಳೆದು, ಕಡೆಗೆ ಹುಬ್ಬಳ್ಳಿಯ ಕಿಮ್ಸ್‌ಗೋ ಸತ್ತೂರಿನ ಎಸ್.ಡಿ.ಎಂ. ಆಸ್ಪತ್ರೆಗೋ ಬಂದನೆಂದು ಕಲ್ಪಿಸಿಕೊಳ್ಳೋಣ. ಹಿಮೋಗ್ಲೋಬಿನ್ 7.8 ಗ್ರಾಂ, ಇ.ಎಸ್.ಆರ್. 120, ಕ್ರಿಯಾಟಿನಿನ್ 2.8, ಕ್ಯಾಲ್ಸಿಯಂ 11.8, ಇವೆಲ್ಲಕ್ಕಿಂತ ವಿಚಿತ್ರವಾದುದೆಂದರೆ, 6ರಿಂದ 8 ಗ್ರಾಮಿನೊಳಗೆ ಇರಬೇಕಾದ ಒಟ್ಟು ಪ್ರೋಟೀನು 10.4 ಆಗಿದ್ದು, ಅದರಲ್ಲಿ ಆಲ್ಬುಮಿನ್ 3 ಮಾತ್ರವೇ ಆಗಿರುವುದು. ಉಳಿದ 7.4 ಗ್ರಾಂ ಗ್ಲಾಬ್ಯುಲಿನ್ ಎಲ್ಲಿಂದ ಬಂದಿತೆಂಬುದೇ ಇಲ್ಲಿಯ ಪ್ರಶ್ನೆ.

ಅಸ್ಥಿಮಜ್ಜೆಯಲ್ಲಿರುವ ಪ್ಲಾಸ್ಮಾ ಕೋಶಗಳು ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳನ್ನು ತಯಾರಿಸುವಂಥವು. ಆರೋಗ್ಯದಲ್ಲಿ ಅವುಗಳ ಅಸಂಖ್ಯ ವಂಶಗಳು ಅಸಂಖ್ಯ ವಿಧದ ಪ್ರತಿಕಾಯಗಳನ್ನು ಸ್ವಲ್ಪ ಸ್ವಲ್ಪವಾಗಿ ಸುರಿಸುತ್ತವೆ. ಮಲ್ಟಿಪಲ್ ಮೈಲೋಮ ಎಂಬ ಕ್ಯಾನ್ಸರಿನಲ್ಲಿ ಒಂದೇ ವಂಶವು ಮಿತಿಮೀರಿ ಬೆಳೆದು, ಮಜ್ಜೆಯ ಸ್ಥಳವನ್ನು ಆಕ್ರಮಿಸಿ ರಕ್ತೋತ್ಪತ್ತಿಯನ್ನು ಕುಗ್ಗಿಸುತ್ತದೆ, ಎಲುಬನ್ನು ಕರಗಿಸುವ ಕೋಶಗಳನ್ನು ಕೆರಳಿಸುತ್ತದೆ, ಕಟ್ಟುವ ಕೋಶಗಳನ್ನು ಅಡಗಿಸುತ್ತದೆ. ಆದುದರಿಂದಲೇ ತಲೆಬುರುಡೆಯ ಎಕ್ಸರೇಯಲ್ಲಿ ಅಂಚು ಸ್ಪಷ್ಟವಾದ ದುಂಡು ರಂಧ್ರಗಳು ಕಾಣುತ್ತವೆ, ಬೆನ್ನುಮೂಳೆ ಕುಸಿಯುತ್ತದೆ, ಕರಗಿದ ಕ್ಯಾಲ್ಸಿಯಂ ರಕ್ತಕ್ಕೆ ಇಳಿಯುತ್ತದೆ. ಹೊಸ ಎಲುಬು ಕಟ್ಟಲ್ಪಡುತ್ತಿರುವ ಸ್ಥಳವನ್ನು ಮಾತ್ರ ತೋರಿಸುವ ಐಸೋಟೋಪಿನ ಬೋನ್ ಸ್ಕ್ಯಾನ್ ಈ ರಂಧ್ರಗಳನ್ನು ಅನೇಕ ಸಲ ಕಾಣದೆ ಹೋಗುತ್ತದೆಂಬುದು ನೆನಪಿಡತಕ್ಕ ವಿಷಯ. ರಕ್ತದ ಲೇಪನವನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ಹೆಚ್ಚಿದ ಪ್ರೋಟೀನಿನಿಂದಾಗಿ ಕೆಂಪು ಕಣಗಳು ಅಡುಕಿದ ನಾಣ್ಯಗಳಂತೆ ಸಾಲುಗೂಡಿರುತ್ತವೆ, ಇ.ಎಸ್.ಆರ್. ಏರುವುದಕ್ಕೂ ಇದೇ ಮುಖ್ಯ ಕಾರಣ.

ಇನ್ನು ಎಲೆಕ್ಟ್ರೋಫೊರೆಸಿಸ್ ಪರೀಕ್ಷೆಗೆ ಬರೋಣ. ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡಿಸಿದ ಸೀರಮ್ಮಿನ ಒಂದು ಸಣ್ಣ ಹನಿಯನ್ನು, ಕಡಲಪಾಚಿಯ ಸತ್ವವಾದ ಅಗರೋಸ್‌ನ ತೆಳು ಜೆಲ್ಲಿನ ಮೇಲಿಟ್ಟು, ಪಿ.ಎಚ್. 8.6ರ ದ್ರಾವಣದಲ್ಲಿ ವಿದ್ಯುತ್ತನ್ನು ಹರಿಸಿದರೆ, ಋಣಾವೇಶವನ್ನು ತಳೆದ ಪ್ರೋಟೀನುಗಳು ಧನಧ್ರುವದ ಕಡೆಗೆ ತಮ್ಮ ತಮ್ಮ ಆವೇಶಕ್ಕೆ ತಕ್ಕ ವೇಗದಲ್ಲಿ ಹೊರಡುತ್ತವೆ. ಮುಂದೆ ಓಡುವುದು ಆಲ್ಬುಮಿನ್. ಹಿಂದೆ ಆಲ್ಫಾ-1, ಆಲ್ಫಾ-2, ಬೀಟಾ. ಕಡೆಯದು ಗ್ಯಾಮಾ, ಪ್ರತಿಕಾಯಗಳ ಮುಖ್ಯ ನೆಲೆ. ಬಣ್ಣಹಚ್ಚಿ ಡೆನ್ಸಿಟೋಮೀಟರಿನಲ್ಲಿ ಅಳೆದಾಗ ಪಟ್ಟಿಗಳು ಏರಿಳಿತದ ರೇಖೆಯಾಗಿ ಮೂಡುತ್ತವೆ. ಸ್ವೀಡನ್ನಿನ ಟಿಸೇಲಿಯಸ್ 1937ರಲ್ಲಿ ಬೃಹತ್ ಉಪಕರಣದಿಂದ ಸಾಧಿಸಿದ ಈ ವಿಂಗಡಣೆಯು ಇಂದು ಅಂಗೈಯಗಲದ ಜೆಲ್ಲಿನಲ್ಲಿ ನಡೆಯುತ್ತದೆ.

ದೀರ್ಘಕಾಲದ ಸೋಂಕಿನಲ್ಲಿ, ಯಕೃತ್ತಿನ ರೋಗದಲ್ಲಿ ಗ್ಯಾಮಾ ಹೆಚ್ಚುವುದುಂಟು. ಆದರೆ ನಾನಾ ವಂಶಗಳ ಪ್ರತಿಕಾಯಗಳು ನಾನಾ ವೇಗದಲ್ಲಿ ಚಲಿಸುವುದರಿಂದ ರೇಖೆ ಅಗಲವಾದ ದಿಬ್ಬವಾಗುತ್ತದೆ. ನಮ್ಮ ರೈತನಲ್ಲಿ ಹಾಗಲ್ಲ: ಒಂದೇ ವಂಶದ ಅಣುಗಳೆಲ್ಲ ಒಂದೇ ಎಡೆಯಲ್ಲಿ ನಿಂತು, ಆಲ್ಬುಮಿನ್ನನ್ನೂ ಮೀರಿದ ಕಡಿದಾದ ಶಿಖರವನ್ನೆಬ್ಬಿಸಿವೆ. ಒಟ್ಟು ಪ್ರೋಟೀನಿನ ನೂರಕ್ಕೆ 46 ಭಾಗ ಆ ಶಿಖರದಡಿಯೇ ಇದೆಯೆಂದರೆ, 10.4 ಗ್ರಾಮಿಗೆ ಸುಮಾರು 4.8 ಗ್ರಾಂ ಆಯಿತು, ಇದೇ ಎಂ-ಪ್ರೋಟೀನ್. ಮುಂದೆ ಇಮ್ಯುನೋಫಿಕ್ಸೇಶನ್ನಿನಿಂದ ಅದು ಐಜಿಜಿ ಕಪ್ಪಾ ಎಂಬಂತಹ ಗುರುತನ್ನು ಪಡೆಯುತ್ತದೆ. ಶಿಖರವೊಂದರಿಂದಲೇ ಮೈಲೋಮವೆಂದು ತೀರ್ಮಾನಿಸಲಾಗದು: ನಿರುಪದ್ರವಿಯಾಗಿ ವರ್ಷಗಟ್ಟಲೆ ಉಳಿಯುವ ಚಿಕ್ಕ ಶಿಖರಗಳು ವೃದ್ಧರಲ್ಲಿ ಅಪರೂಪವಲ್ಲ. ಮಜ್ಜೆಯಲ್ಲಿ ನೂರಕ್ಕೆ ಹತ್ತಾದರೂ ಆ ವಂಶದ ಪ್ಲಾಸ್ಮಾ ಕೋಶಗಳಿದ್ದು, ಅದರ ಜೊತೆಗೆ ಎಲುಬು, ಮೂತ್ರಪಿಂಡ, ರಕ್ತ ಅಥವಾ ಕ್ಯಾಲ್ಸಿಯಮ್ಮಿನಲ್ಲಿ ಹಾನಿ ಕಂಡರೆ ನಿರ್ಣಯವು ದೃಢವಾಗುತ್ತದೆ. ಪ್ರಯೋಗಶಾಲೆಯಲ್ಲೂ ಮೋಸವಿದೆ, ಸೀರಮ್ಮಿಗೆ ಬದಲು ಹೆಪ್ಪುಗಟ್ಟದ ಪ್ಲಾಸ್ಮಾ ಬಂದರೆ, ಬೀಟಾ-ಗ್ಯಾಮಾಗಳ ನಡುವೆ ಫೈಬ್ರಿನೋಜನ್ ಒಂದು ಸುಳ್ಳು ಪಟ್ಟಿಯನ್ನು ಎಳೆಯುತ್ತದೆ.

ಇನ್ನೂ ಕಪಟವಾದುದು ಮೂತ್ರದ ಪಾಲು. ಕೆಲವರಲ್ಲಿ ಕೋಶಗಳು ಪ್ರತಿಕಾಯದ ಲಘು ಸರಪಳಿಗಳನ್ನು ಮಾತ್ರ ತಯಾರಿಸುತ್ತವೆ; ಇವು ಚಿಕ್ಕವಾದುದರಿಂದ ಮೂತ್ರಪಿಂಡದ ಮೂಲಕ ಸೋರಿಹೋಗಿ ಸೀರಮ್ಮಿನಲ್ಲಿ ಶಿಖರವೇ ಏಳದಿರಬಹುದು. ಮೂತ್ರನಾಳಿಕೆಗಳಲ್ಲಿ ಅವು ಅಲ್ಲಿಯ ಪ್ರೋಟೀನಿನೊಡನೆ ಗಟ್ಟಿಯಾಗಿ ಅಡ್ಡಗಟ್ಟುತ್ತವೆ. ನೀರು ಕಡಿಮೆಯಾದಾಗ, ನೋವಿನ ಗುಳಿಗೆಗಳನ್ನು ನುಂಗಿದಾಗ ಈ ಹಾನಿ ತೀವ್ರವಾಗುತ್ತದೆ. 1845ರಲ್ಲಿ ಲಂಡನ್ನಿನ ಬೆನ್ಸ್ ಜೋನ್ಸ್ ಪರೀಕ್ಷಿಸಿದ ಮೂತ್ರದ ಪ್ರೋಟೀನು ಇದೇ. ಸಾಧಾರಣ ಡಿಪ್‌ಸ್ಟಿಕ್ ಮುಖ್ಯವಾಗಿ ಆಲ್ಬುಮಿನ್ನನ್ನು ಹಿಡಿಯುವುದರಿಂದ ಇದನ್ನು ಬಿಟ್ಟುಬಿಡುತ್ತದೆ.

ಆದಕಾರಣ, ಬೆನ್ನುನೋವು ಬಿಡದಿರುವ ಹಿರಿಯರಿಗೆ ರಕ್ತಹೀನತೆಯೂ ಇದ್ದು, ಸೀರಮ್ಮಿನಲ್ಲಿ ಶಿಖರವಿಲ್ಲವೆಂಬ ವರದಿ ಬಂದಿದ್ದರೆ, ಮೂತ್ರದ ಎಲೆಕ್ಟ್ರೋಫೊರೆಸಿಸ್ ಮತ್ತು ರಕ್ತದ ಲಘು ಸರಪಳಿಗಳ ಪರೀಕ್ಷೆ ಆಗಿವೆಯೇ ಎಂದು ವೈದ್ಯರನ್ನು ಕೇಳಿರಿ. ಅಲ್ಲಿಯವರೆಗೆ ಅಂಗಡಿಯ ನೋವಿನ ಗುಳಿಗೆಗಳನ್ನು ದೂರವಿಡಿರಿ.